ಕೂತು ಕೂತು ಕಾಲು ಸೆಳೆತ, ಉಬ್ಬಿದ ನರ, ಬಣ್ಣ ಬದಲಾದ ಚರ್ಮ: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಕಾಲಿನ ರಕ್ತನಾಳದ ತೊಂದರೆಗಳನ್ನು ನೋಡುವ ವೈದ್ಯ. ಇಲ್ಲಿರುವ ಪ್ರಶ್ನೆಗಳೆಲ್ಲ ಜನ ಎದುರು ಕೂತು ಕೇಳಿದವು, ಇಲ್ಲವೇ ಬರೆದು ಕಳಿಸಿದವು. ಅವರ ಮಾತನ್ನು ಹಾಗೇ ಇಟ್ಟಿದ್ದೇನೆ. ಉಬ್ಬಿದ ನರದ ಬಗ್ಗೆ ಕೇಳುವವರು ಬಹಳ ಜನ. ಅದರ ಕೆಳಗಿನ ಚರ್ಮದ ಬಗ್ಗೆ ಕೇಳುವವರು ಕಡಿಮೆ. ಹಾಗಾಗಿ ಚರ್ಮಕ್ಕೆ ಇಲ್ಲಿ ಜಾಸ್ತಿ ಜಾಗ ಕೊಟ್ಟಿದ್ದೇನೆ.

## ಮೊದಲ ಪ್ರಶ್ನೆಗಳು

ಇಡೀ ದಿನ ಕುರ್ಚಿ ಮೇಲೇ ಇರ್ತೀನಿ, ನಡೆಯೋದೇ ಇಲ್ಲ. ಆದ್ರೂ ಸಂಜೆಗೆ ಕಾಲು ಯಾಕೆ ಭಾರ ಆಗಿ ಸೆಳೆಯುತ್ತೆ?

ನಡೆಯದೆ ಇರುವುದೇ ಕಾರಣ. ಹೃದಯ ರಕ್ತವನ್ನು ಪಾದದವರೆಗೆ ತಳ್ಳುತ್ತದೆ. ಆದರೆ ಅಲ್ಲಿಂದ ಮೇಲಕ್ಕೆ ತರುವ ಕೆಲಸ ಬಹುಪಾಲು ಮೀನಖಂಡದ್ದು. ನೀವು ಹೆಜ್ಜೆ ಇಟ್ಟಾಗಲೆಲ್ಲ ಮೀನಖಂಡದ ಸ್ನಾಯು ಬಿಗಿಯಾಗಿ, ಒಳಗಿನ ರಕ್ತನಾಳಗಳನ್ನು ಹಿಂಡುತ್ತದೆ. ರಕ್ತ ಮೇಲಕ್ಕೆ ಹೋಗುತ್ತದೆ. ಹೋದದ್ದು ಮತ್ತೆ ಕೆಳಗೆ ಬೀಳದಂತೆ ನಾಳದೊಳಗೆ ಸಣ್ಣ ಸಣ್ಣ ಕವಾಟಗಳಿವೆ. ಒಂದೇ ಕಡೆಗೆ ತೆರೆಯುವ ಬಾಗಿಲುಗಳು ಅಂದುಕೊಳ್ಳಿ.

ಅಲುಗಾಡದೆ ನಿಂತಾಗ ಹರಡಿನ ಹತ್ತಿರ ಈ ನಾಳಗಳಲ್ಲಿನ ಒತ್ತಡ ಸುಮಾರು 80ರಿಂದ 90 ಮಿಲಿಮೀಟರ್ ಪಾದರಸದಷ್ಟು ಇರುತ್ತದೆ. ಆರೋಗ್ಯವಾಗಿರುವ ಕಾಲಿನಲ್ಲಿ ಹತ್ತಾರು ಹೆಜ್ಜೆ ನಡೆದರೆ ಅದು 30ರ ಆಸುಪಾಸಿಗೆ ಇಳಿಯುತ್ತದೆ. ಕೂತಾಗ ನಿಂತಷ್ಟು ಒತ್ತಡ ಇರುವುದಿಲ್ಲ, ನಿಜ. ಆದರೆ ಮೀನಖಂಡದ ಪಂಪು ನಿಂತುಹೋಗಿರುತ್ತದೆ. ಹಾಗಾಗಿ ಒತ್ತಡ ಗಂಟೆಗಟ್ಟಲೆ ಇಳಿಯುವುದೇ ಇಲ್ಲ. ನಾಳ ಹಿಗ್ಗುತ್ತದೆ, ನೀರಿನಂಶ ಹೊರಗೆ ಜಿನುಗುತ್ತದೆ, ಸಂಜೆ ಕಾಲುಚೀಲ ಬಿಚ್ಚಿದರೆ ಅದರ ಅಚ್ಚು ಚರ್ಮದ ಮೇಲೆ ಉಳಿದಿರುತ್ತದೆ. ಕವಾಟ ಸರಿ ಇಲ್ಲದವರಿಗೆ ಇದೆಲ್ಲ ಇನ್ನೂ ಬೇಗ, ಇನ್ನೂ ಜೋರಾಗಿ ಆಗುತ್ತದೆ.

ನರ ಉಬ್ಬಿದೆ ಅಂತಾರೆ. ಇದು ನರದೌರ್ಬಲ್ಯನಾ?

ಅಲ್ಲ. ನಾವು ಮಾತಿನಲ್ಲಿ ರಕ್ತನಾಳಕ್ಕೂ ನರ ಅನ್ನುತ್ತೇವೆ, ಸ್ಪರ್ಶ ತಿಳಿಸುವ ತಂತುವಿಗೂ ನರ ಅನ್ನುತ್ತೇವೆ. ಇಲ್ಲಿ ಉಬ್ಬಿರುವುದು ರಕ್ತನಾಳ. ಅದನ್ನೇ ವೇರಿಕೋಸ್ ವೇನ್ಸ್ ಅನ್ನುವುದು. ನರಕ್ಕೆ ಶಕ್ತಿ ಬರಲಿ ಅಂತ ತಿಂಗಳುಗಟ್ಟಲೆ ವಿಟಮಿನ್ ಮಾತ್ರೆ ನುಂಗಿ ಬಂದವರನ್ನು ನೋಡಿದ್ದೇನೆ. ಕೆಟ್ಟ ಕವಾಟ ಅದರಿಂದ ಸರಿಹೋಗುವುದಿಲ್ಲ.

ಕೂತು ಕೆಲಸ ಮಾಡಿದ್ದಕ್ಕೇ ಹೀಗಾಯ್ತಾ? ಕಾಲು ಮೇಲೆ ಕಾಲು ಹಾಕ್ಕೊಳ್ತಿದ್ದೆ, ಅದರಿಂದನಾ?

ಕಾಲ ಮೇಲೆ ಕಾಲು ಹಾಕಿದ್ದರಿಂದ ಕವಾಟ ಕೆಡುತ್ತದೆ ಅನ್ನುವುದಕ್ಕೆ ಒಳ್ಳೆಯ ಪುರಾವೆ ಇಲ್ಲ. ಆ ಅಪರಾಧಭಾವ ಬಿಟ್ಟುಬಿಡಿ. ದೊಡ್ಡ ಕಾರಣ ಮನೆತನ. ಅಪ್ಪನಿಗೋ ಅಮ್ಮನಿಗೋ ಇದ್ದರೆ ಮಕ್ಕಳಿಗೆ ಬರುವ ಸಂಭವ ಹೆಚ್ಚು, ಇಬ್ಬರಿಗೂ ಇದ್ದರೆ ಇನ್ನೂ ಹೆಚ್ಚು. ಅದರ ಮೇಲೆ ವಯಸ್ಸು, ಬಸಿರು, ಮೈತೂಕ ಸೇರುತ್ತವೆ. ತುಂಬಾ ಹೊತ್ತು ನಿಂತೇ ಮಾಡುವ ಕೆಲಸವೂ ಒಂದು ಕಾರಣ. ಕೂರುವುದು ಬಹುಮಟ್ಟಿಗೆ ಇರುವ ತೊಂದರೆಯನ್ನು ಹೊರಗೆ ತೋರಿಸುತ್ತದೆ.

ಬಸುರಿಯಲ್ಲಿ ಕಾಣಿಸಿಕೊಂಡ ಉಬ್ಬು ಹೆರಿಗೆಯಾದ ಮೂರು ತಿಂಗಳಲ್ಲಿ ಎಷ್ಟೋ ಜನರಿಗೆ ತಾನಾಗಿ ತಗ್ಗುತ್ತದೆ. ಹಾಗಾಗಿ ಆ ಸಮಯದಲ್ಲಿ ನಾಳ ಮುಚ್ಚುವ ಚಿಕಿತ್ಸೆಗೆ ಹೋಗದೆ ಕಾಯುತ್ತೇವೆ.

ನನ್ನ ನೋವು ಇದರಿಂದಲೇ ಅಂತ ಹೇಗೆ ಗೊತ್ತು ಮಾಡ್ಕೊಳ್ಳೋದು? ಬೆನ್ನಿನಿಂದಲೂ ಬರಬಹುದಲ್ವಾ?

ಬರಬಹುದು. ಉಬ್ಬಿದ ನಾಳ ಕಣ್ಣಿಗೆ ಕಾಣುವುದರಿಂದ ಕಾಲಿನ ಎಲ್ಲ ನೋವನ್ನೂ ಅದರ ತಲೆಗೆ ಕಟ್ಟುವುದು ಸುಲಭ. ನಾನು ಮೊದಲು ಕೇಳುವುದು ಇಷ್ಟೇ: ಯಾವಾಗ ಜಾಸ್ತಿ, ಏನು ಮಾಡಿದರೆ ಕಡಿಮೆ?

ರಕ್ತನಾಳದ ನೋವು ಬೆಳಿಗ್ಗೆ ಎದ್ದಾಗ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಹೊತ್ತು ಏರಿದಂತೆ ಏರುತ್ತದೆ. ಸ್ವಲ್ಪ ನಡೆದಾಡಿದರೆ ಹಗುರಾಗುತ್ತದೆ, ಮಲಗಿ ಕಾಲು ಮೇಲಿಟ್ಟರೆ ಇನ್ನೂ ಹಗುರ. ಚುಚ್ಚುವ ನೋವಿಗಿಂತ ಭಾರ, ಬಿಗಿತ, ಉರಿ ಹೆಚ್ಚು. ರಾತ್ರಿ ಮೀನಖಂಡ ಹಿಡಿದುಕೊಳ್ಳುವುದೂ ಇರಬಹುದು.

ಶುದ್ಧ ರಕ್ತ ತರುವ ಧಮನಿ ಕಟ್ಟಿಕೊಂಡಿದ್ದರೆ ಕಥೆ ತಿರುಗುಮುರುಗು. ನಡೆದರೆ ಮೀನಖಂಡ ಹಿಡಿಯುತ್ತದೆ, ನಿಂತರೆ ಕೆಲವೇ ನಿಮಿಷದಲ್ಲಿ ಬಿಡುತ್ತದೆ, ಕಾಲು ಮೇಲೆತ್ತಿದರೆ ನೋವು ಹೆಚ್ಚುತ್ತದೆ. ಬೆನ್ನುಹುರಿಯ ಬಳಿ ನರ ಒತ್ತಿಕೊಂಡಿದ್ದರೆ ನೋವು ಸೊಂಟದಿಂದಲೋ ಪೃಷ್ಠದಿಂದಲೋ ಒಂದು ಗೆರೆಯಂತೆ ಇಳಿಯುತ್ತದೆ, ಜೊತೆಗೆ ಜೋಮು. ಎರಡೂ ಕಾಲು ಒಂದೇ ಸಮ ಊದಿಕೊಂಡರೆ ಹೃದಯ, ಮೂತ್ರಪಿಂಡ, ಯಕೃತ್ತನ್ನೂ ನೋಡಬೇಕು. ರಕ್ತದೊತ್ತಡಕ್ಕೆ ಕೊಡುವ ಅಮ್ಲೋಡಿಪಿನ್ ಮಾತ್ರೆಯಿಂದಲೂ ಪಾದ ಊದುತ್ತದೆ. ನುಂಗುವ ಮಾತ್ರೆಗಳ ಪಟ್ಟಿ ತೆಗೆದುಕೊಂಡು ಹೋಗಿ.

ಕೂತ ಕಡೆಯೇ ಏನಾದ್ರೂ ಮಾಡಬಹುದಾ?

ಮಾಡಬಹುದು. ಹಿಮ್ಮಡಿ ನೆಲಕ್ಕೂರಿ ಪಾದದ ಮುಂಭಾಗ ಎತ್ತಿ. ಆಮೇಲೆ ಬೆರಳು ನೆಲಕ್ಕೂರಿ ಹಿಮ್ಮಡಿ ಎತ್ತಿ. ಮೀನಖಂಡ ಬಿಗಿಯಾಗುವುದು ಕೈಗೆ ಗೊತ್ತಾಗಬೇಕು, ಸುಮ್ನೆ ಪಾದ ಅಲ್ಲಾಡಿಸಿದರೆ ಸಾಲದು. ಒಂದು ಸಲಕ್ಕೆ 20 ಬಾರಿ. ಅರ್ಧ ಗಂಟೆ, ಮುಕ್ಕಾಲು ಗಂಟೆಗೊಮ್ಮೆ ಎದ್ದು ಎರಡು ನಿಮಿಷ ನಡೆಯಿರಿ.

ಕುರ್ಚಿಯ ಅಂಚು ಮೊಣಕಾಲಿನ ಹಿಂಭಾಗ ಒತ್ತುತ್ತಿದ್ದರೆ ಎತ್ತರ ತಗ್ಗಿಸಿ. ಮನೆಗೆ ಬಂದ ಮೇಲೆ ಹದಿನೈದು ಇಪ್ಪತ್ತು ನಿಮಿಷ ಕಾಲನ್ನು ಎದೆಮಟ್ಟಕ್ಕಿಂತ ಮೇಲಿಡಿ. ಎದುರಿನ ಸ್ಟೂಲಿನ ಮೇಲೆ ಚಾಚುವುದು ಇದಕ್ಕೆ ಸಮವಲ್ಲ, ಮಲಗಿಯೇ ಇಡಬೇಕು. ಇದರಿಂದ ಭಾರ ಇಳಿಯುತ್ತದೆ. ಉಬ್ಬಿದ ನಾಳ ಮಾಯವಾಗುವುದಿಲ್ಲ, ಅದನ್ನು ನಿರೀಕ್ಷಿಸಬೇಡಿ.

## ಚರ್ಮದ ಬಗ್ಗೆ

ನನ್ನ ಕಾಲಲ್ಲಿ ಹಗ್ಗದ ಹಾಗೆ ದಪ್ಪಗೆ ಉಬ್ಬಿದೆ, ನೋವಿಲ್ಲ. ಅಕ್ಕನಿಗೆ ಉಬ್ಬೇ ಕಾಣಲ್ಲ, ಆದರೆ ಹರಡಿನ ಹತ್ತಿರ ಕಪ್ಪಾಗಿದೆ. ಯಾರು ಮೊದಲು ತೋರಿಸ್ಬೇಕು?

ನಿಮ್ಮ ಅಕ್ಕ. ಈ ಪುಟದಲ್ಲಿ ಒಂದೇ ಉತ್ತರ ಓದುವಷ್ಟು ಪುರುಸೊತ್ತಿದ್ದರೆ ಇದನ್ನು ಓದಿ.

ನಾಳದ ಗಾತ್ರಕ್ಕೂ ಅಪಾಯಕ್ಕೂ ನೇರ ಸಂಬಂಧ ಇಲ್ಲ. ವೈದ್ಯರು ಈ ಕಾಯಿಲೆಯನ್ನು ಸೊನ್ನೆಯಿಂದ ಆರರವರೆಗೆ ಮೆಟ್ಟಿಲುಗಳಾಗಿ ಗುರುತಿಸುತ್ತಾರೆ. ಜೇಡರ ಬಲೆಯಂಥ ಕೆಂಪು, ನೀಲಿ ಗೆರೆ ಒಂದನೆಯದು. 3 ಮಿಲಿಮೀಟರಿಗಿಂತ ದಪ್ಪಗೆ ಉಬ್ಬಿದ ನಾಳ ಎರಡನೆಯದು. ನೀವು ಎಷ್ಟೇ ದಪ್ಪ ಅಂದರೂ ಅದು ಎರಡೇ. ಊತ ಮೂರನೆಯದು. ಚರ್ಮ ಬದಲಾಯಿತು ಅಂದರೆ ನೇರವಾಗಿ ನಾಲ್ಕು. ವಾಸಿಯಾದ ಹುಣ್ಣು ಐದು, ಬಾಯಿ ತೆರೆದ ಹುಣ್ಣು ಆರು. ನಿಮ್ಮ ಅಕ್ಕ ನಾಲ್ಕರಲ್ಲಿದ್ದಾರೆ, ನೀವು ಎರಡರಲ್ಲಿ.

ಉಬ್ಬು ಕಾಣದಿರುವುದಕ್ಕೂ ಕಾರಣ ಇದೆ. ಕೆಟ್ಟ ನಾಳ ಕೊಬ್ಬಿನ ಪದರದ ಕೆಳಗೆ ಅಡಗಿರಬಹುದು. ಕೆಲವರಲ್ಲಿ ಹಳೆಯ ಹೆಪ್ಪಿನಿಂದ ಆಳದ ನಾಳದ ಕವಾಟವೇ ಹಾಳಾಗಿರುತ್ತದೆ. ಹೊರಗೆ ಏನೂ ಕಾಣದೆ ಒತ್ತಡವೆಲ್ಲ ಚರ್ಮದ ಮೇಲೆ ಬೀಳುತ್ತಿರುತ್ತದೆ.

ಹರಡಿನ ಮೇಲೆ ಕಂದು ಕಲೆ, ವಿಪರೀತ ತುರಿಕೆ. ಎಷ್ಟು ಮುಲಾಮು ಹಚ್ಚಿದ್ರೂ ಹೋಗ್ತಿಲ್ಲ, ಯಾಕೆ?

ತೊಂದರೆ ಶುರುವಾದದ್ದು ಚರ್ಮದಲ್ಲಿ ಅಲ್ಲ, ಅದಕ್ಕೆ. ನಾನು ನೋಡಿದ ಒಬ್ಬರ ವಿಷಯ ಹೇಳುತ್ತೇನೆ.

ಅವರಿಗೆ 46 ವರ್ಷ. ಲೆಕ್ಕಪತ್ರದ ಕೆಲಸ, ದಿನಕ್ಕೆ ಒಂಬತ್ತು ಹತ್ತು ಗಂಟೆ ಕುರ್ಚಿಯಲ್ಲಿ. ಎಡಗಾಲಿನ ಒಳಬದಿಯಲ್ಲಿ, ಹರಡಿನ ಮೂಳೆಗಿಂತ ನಾಲ್ಕು ಬೆರಳು ಮೇಲೆ, ಅಂಗೈಯಗಲ ಕಂದು ಕಲೆ. ಒಣಗಿ ಹೊಟ್ಟು ಏಳುತ್ತಿತ್ತು. ರಾತ್ರಿ ನಿದ್ದೆಯಲ್ಲೇ ಕೆರೆದು ಬೆಳಿಗ್ಗೆ ಹಾಸಿಗೆಯಲ್ಲಿ ರಕ್ತದ ಚುಕ್ಕೆ ಕಾಣುತ್ತಿತ್ತು. ಹುಳುಕಡ್ಡಿ ಅಂದುಕೊಂಡು ಎಂಟು ತಿಂಗಳು ಒಂದಾದ ಮೇಲೊಂದು ಮುಲಾಮು ಹಚ್ಚಿದ್ದರು. ಸ್ಟಿರಾಯ್ಡ್ ಇರುವ ಮುಲಾಮು ಹಚ್ಚಿದ ವಾರ ತಗ್ಗುತ್ತಿತ್ತು, ಬಿಟ್ಟರೆ ಮತ್ತೆ ಬರುತ್ತಿತ್ತು.

ನಾನು ಅವರನ್ನು ಮಂಚದ ಮೇಲೆ ಮಲಗಿಸಲಿಲ್ಲ, ನಿಲ್ಲಿಸಿದೆ. ಒಂದೆರಡು ನಿಮಿಷದಲ್ಲಿ ಮೊಣಕಾಲಿನ ಒಳಬದಿಯಿಂದ ಆ ಕಲೆಯ ಕಡೆಗೆ ಒಂದು ನಾಳ ತುಂಬಿಕೊಂಡಿತು. ಮಲಗಿದ್ದಾಗ ಅದು ಖಾಲಿ, ಹಾಗಾಗಿ ಯಾರಿಗೂ ಕಂಡಿರಲಿಲ್ಲ. ಇನ್ನೆರಡು ಸುಳಿವೂ ಇದ್ದವು. ಹುಳುಕಡ್ಡಿಯ ಅಂಚು ಉಂಗುರದ ಹಾಗೆ ಎದ್ದು ಕಾಣುತ್ತದೆ, ಇಲ್ಲಿ ಅಂಚೇ ಇರಲಿಲ್ಲ. ತುರಿಕೆ ಸಂಜೆ ಹೊತ್ತಿಗೆ, ಕಾಲು ಊದಿದಾಗ ಜಾಸ್ತಿ ಆಗುತ್ತಿತ್ತು.

ಒಳಗೆ ಆಗಿದ್ದು ಇಷ್ಟು. ಕವಾಟ ಕೆಟ್ಟು ರಕ್ತ ಕೆಳಗೆ ಜಾರುತ್ತಿತ್ತು. ನಡೆದರೂ ಒತ್ತಡ ಇಳಿಯುತ್ತಿರಲಿಲ್ಲ. ಆ ಒತ್ತಡಕ್ಕೆ ಸೂಕ್ಷ್ಮ ನಾಳಗಳಿಂದ ಕೆಂಪು ರಕ್ತಕಣಗಳು ಚರ್ಮದೊಳಕ್ಕೆ ಸೋರುತ್ತವೆ. ಅಲ್ಲಿ ಒಡೆದು ಅವುಗಳ ಕಬ್ಬಿಣ ಉಳಿದುಬಿಡುತ್ತದೆ. ಕಂದು ಬಣ್ಣ ಅದರದ್ದು. ಆ ಕೆರಳಿಕೆಗೆ ಚರ್ಮ ಒಣಗಿ ಇಸುಬಿನಂತೆ ಆಗುತ್ತದೆ.

ಸ್ಕ್ಯಾನಿನಲ್ಲಿ ತೊಡೆಸಂದಿನಿಂದ ಮೀನಖಂಡದವರೆಗೆ, ಚರ್ಮಕ್ಕೆ ಹತ್ತಿರವಿರುವ ದೊಡ್ಡ ಮೇಲ್ನಾಳದಲ್ಲಿ ರಕ್ತ ಹಿಂದೆ ಹರಿಯುತ್ತಿರುವುದು ಕಂಡಿತು. ಆ ನಾಳವನ್ನು ಲೇಸರಿನಿಂದ ಮುಚ್ಚಿದೆವು. ಚರ್ಮಕ್ಕೆ ಕೆಲವು ದಿನ ಸ್ಟಿರಾಯ್ಡ್ ಮುಲಾಮು, ಆಮೇಲೆ ಪರಿಮಳ ಇಲ್ಲದ ಸಾದಾ ಜಿಡ್ಡಿನ ಮುಲಾಮು ಮಾತ್ರ. ಆರು ವಾರಕ್ಕೆ ತುರಿಕೆ ನಿಂತಿತು. ಕಲೆ ತಿಳಿಯಾಯಿತು, ಪೂರ್ತಿ ಹೋಗಲಿಲ್ಲ.

ನಿಮ್ಮದೂ ಹೀಗೇ ಇದ್ದರೆ ದಯವಿಟ್ಟು ಕಂಡ ಕಂಡ ಮುಲಾಮು ಹಚ್ಚಬೇಡಿ. ಇಂಥ ಚರ್ಮಕ್ಕೆ ಅಲರ್ಜಿ ಬೇಗ ಅಂಟುತ್ತದೆ. ಸುಗಂಧ ಇರುವ ಕ್ರೀಮು, ನಿಯೋಮೈಸಿನ್ ಇರುವ ಮುಲಾಮು ಎಷ್ಟೋ ಸಲ ಇಸುಬನ್ನು ಇಮ್ಮಡಿ ಮಾಡುತ್ತವೆ.

ಚರ್ಮ ಕೆಂಪಾಗಿ ಹಲಗೆ ಥರ ಗಟ್ಟಿ ಆಗಿದೆ. ಸೋಂಕು ಅಂತ ಮೂರು ಸಲ ಆಂಟಿಬಯೋಟಿಕ್ ಕೊಟ್ಟರು, ಇಳಿದಿಲ್ಲ. ಏನಿರಬಹುದು?

ಚರ್ಮದ ಕೆಳಗಿನ ಕೊಬ್ಬಿನ ಪದರ ಉರಿಯೂತದಿಂದ ಗಟ್ಟಿಯಾಗುತ್ತಿರಬಹುದು. ಇದು ನಾಲ್ಕನೆಯ ಮೆಟ್ಟಿಲಿನ ಮುಂದಿನ ಭಾಗ. ಶುರುವಿನಲ್ಲಿ ಕೆಂಪು, ಬಿಸಿ, ಮುಟ್ಟಿದರೆ ನೋವು. ಹಾಗಾಗಿ ಸೋಂಕಿನಂತೆಯೇ ಕಾಣುತ್ತದೆ, ತಪ್ಪು ತಿಳಿಯುವುದು ಸಹಜ. ಆದರೆ ಸೋಂಕು ಸಾಮಾನ್ಯವಾಗಿ ಒಂದೇ ಕಾಲಿಗೆ, ಒಂದೆರಡು ದಿನದಲ್ಲಿ ಹರಡುತ್ತದೆ, ಜ್ವರ ಚಳಿ ತರುತ್ತದೆ. ಇದು ವಾರಗಟ್ಟಲೆ ಒಂದೇ ಜಾಗದಲ್ಲಿ ಇರುತ್ತದೆ, ಕೆಲವರಿಗೆ ಎರಡೂ ಕಾಲಿನಲ್ಲಿ.

ವರ್ಷ ಕಳೆದಂತೆ ಆ ಭಾಗ ಒಳಕ್ಕೆ ಸೆಳೆದುಕೊಳ್ಳುತ್ತದೆ. ಕಾಲು ಮೇಲೆ ದಪ್ಪ, ಹರಡಿನ ಮೇಲೆ ಸಣ್ಣ, ತಲೆಕೆಳಗಾಗಿಸಿದ ಬಾಟಲಿಯಂತೆ ಕಾಣುತ್ತದೆ. ಪಕ್ಕದಲ್ಲಿ ಬಿಳಿಯ ನುಣುಪಾದ ಕಲೆ, ಅದರೊಳಗೆ ಕೆಂಪು ಚುಕ್ಕೆಗಳೂ ಕಾಣಬಹುದು. ಅಲ್ಲಿ ರಕ್ತ ಸಂಚಾರ ತೀರಾ ಕಡಿಮೆ. ನನಗೆ ಹೆಚ್ಚು ಚಿಂತೆ ತರುವುದು ಈ ಬಿಳಿ ಕಲೆ. ಸಣ್ಣ ತರಚು ಗಾಯವಾದರೂ ಅಲ್ಲಿ ಬೇಗ ಮಾಯುವುದಿಲ್ಲ.

ಸೊಳ್ಳೆ ಕಚ್ಚಿದ ಜಾಗ ಕೆರೆದು ಗಾಯ ಆಯ್ತು, ಮಾಯ್ತಾ ಇಲ್ಲ. ಎಷ್ಟು ದಿನ ಕಾಯಬಹುದು?

ಎರಡು ವಾರ, ಅಷ್ಟೇ. ಮೊಣಕಾಲಿನ ಕೆಳಗಿನ ಗಾಯ ಎರಡು ವಾರದಲ್ಲಿ ಮಾಯದಿದ್ದರೆ ಕಾಲಿನ ರಕ್ತನಾಳ ನೋಡುವವರ ಬಳಿ ಹೋಗಲೇಬೇಕು. ಸಕ್ಕರೆ ಕಾಯಿಲೆ ಇದ್ದರೆ ಅಷ್ಟೂ ಕಾಯಬೇಡಿ.

ಹುಣ್ಣಿಗೆ ದಿನಾ ಔಷಧಿ ಬದಲಿಸುವುದಕ್ಕಿಂತ ಮುಖ್ಯವಾದದ್ದು ಒತ್ತಡ ಇಳಿಸುವುದು. ಅಂದರೆ ಬಿಗಿಯಾದ ಪದರ ಪದರದ ಕಟ್ಟು, ಜೊತೆಗೆ ಕೆಟ್ಟ ನಾಳ ಮುಚ್ಚುವುದು. ಹಿಂದೆ ಹುಣ್ಣು ಮಾಯಲಿ, ಆಮೇಲೆ ನಾಳ ನೋಡೋಣ ಅನ್ನುತ್ತಿದ್ದೆವು. 2018ರಲ್ಲಿ ಪ್ರಕಟವಾದ ಇವ್ರಾ ಎಂಬ ಬ್ರಿಟಿಷ್ ಅಧ್ಯಯನ ಅದನ್ನು ಬದಲಿಸಿತು. ಕಟ್ಟಿನ ಜೊತೆಗೇ ಬೇಗ ನಾಳ ಮುಚ್ಚಿಸಿಕೊಂಡವರಲ್ಲಿ ಅರ್ಧದಷ್ಟು ಜನರ ಹುಣ್ಣು 56 ದಿನದೊಳಗೆ ಮಾಯಿತು. ಕಾದವರಲ್ಲಿ ಅದಕ್ಕೆ 82 ದಿನ ಬೇಕಾಯಿತು.

## ತಡ ಮಾಡಬಾರದ ಹೊತ್ತು

ಸ್ನಾನ ಮಾಡುವಾಗ ಉಬ್ಬಿದ ನರ ಒಡೆದು ರಕ್ತ ಚಿಮ್ಮಿತು. ಏನು ಮಾಡಬೇಕಿತ್ತು?

ಮಲಗಬೇಕು. ನಿಂತಿದ್ದರೆ, ಕೂತಿದ್ದರೆ ರಕ್ತ ನಿಲ್ಲುವುದಿಲ್ಲ. ನೆಲದ ಮೇಲಾದರೂ ಸರಿ, ತಕ್ಷಣ ಮಲಗಿ ಕಾಲನ್ನು ಗೋಡೆಗೋ ಕುರ್ಚಿಗೋ ಆನಿಸಿ ಎದೆಗಿಂತ ಮೇಲೆತ್ತಿ. ಶುಭ್ರ ಬಟ್ಟೆಯಿಂದ ರಕ್ತ ಬರುವ ಜಾಗವನ್ನೇ ಗಟ್ಟಿಯಾಗಿ ಒತ್ತಿ ಹಿಡಿಯಿರಿ. ಹತ್ತು ಹದಿನೈದು ನಿಮಿಷ ಬಟ್ಟೆ ತೆಗೆದು ನೋಡಬೇಡಿ. ಮೊಣಕಾಲಿನ ಮೇಲೆ ಹಗ್ಗ ಬಿಗಿಯಬೇಡಿ. ನಿಲ್ಲದಿದ್ದರೆ ಆಂಬುಲೆನ್ಸ್ ಕರೆಸಿ. ನಿಂತರೂ ಅದೇ ದಿನ ತೋರಿಸಿ, ಒಮ್ಮೆ ಒಡೆದದ್ದು ಮತ್ತೆ ಒಡೆಯುತ್ತದೆ.

ಉಬ್ಬಿದ ನರವೇ ಕೆಂಪಾಗಿ, ಗಟ್ಟಿ ದಾರದ ಹಾಗಾಗಿ ನೋಯ್ತಿದೆ. ಇದು ಹೆಪ್ಪಾ?

ಬಹುಶಃ ಹೌದು, ಮೇಲಿನ ನಾಳದಲ್ಲಿ. ಎಷ್ಟೋ ಸಲ ನೋವಿನ ಮಾತ್ರೆ, ನಡಿಗೆ ಇವುಗಳಲ್ಲೇ ತಗ್ಗುತ್ತದೆ. ಆದರೂ ಒಂದೆರಡು ದಿನದೊಳಗೆ ಸ್ಕ್ಯಾನ್ ಬೇಕು. ಹೆಪ್ಪು 5 ಸೆಂಟಿಮೀಟರಿಗಿಂತ ಉದ್ದ ಇದ್ದರೆ, ಅಥವಾ ತೊಡೆಸಂದಿನ ಹತ್ತಿರ ಇದ್ದರೆ, ರಕ್ತ ಹೆಪ್ಪುಗಟ್ಟದಂತೆ ಔಷಧಿ ಕೊಡಬೇಕಾಗುತ್ತದೆ. ಆ ಜಾಗವನ್ನು ತಿಕ್ಕಬೇಡಿ.

ಒಂದೇ ಕಾಲು ದಿಢೀರನೆ ಊದಿ, ಮೀನಖಂಡ ನೋಯುತ್ತಿದ್ದರೆ ಆಳದ ನಾಳದಲ್ಲಿ ಹೆಪ್ಪಿರಬಹುದು, ಅದೇ ದಿನ ಹೋಗಿ. ಜೊತೆಗೆ ಉಸಿರುಕಟ್ಟುವುದು, ಎದೆನೋವು, ಕೆಮ್ಮಿದರೆ ರಕ್ತ ಇದ್ದರೆ ಅದು ತುರ್ತುಚಿಕಿತ್ಸೆ.

## ಪರೀಕ್ಷೆ ಮತ್ತು ಚಿಕಿತ್ಸೆ

ಡಾಪ್ಲರ್ ಸ್ಕ್ಯಾನ್ ಮಾಡಿಸಿದೆ, ನಾರ್ಮಲ್ ಅಂತ ಬಂತು. ಆದ್ರೆ ನರ ಉಬ್ಬೇ ಇದೆಯಲ್ಲ?

ಯಾವುದಕ್ಕಾಗಿ ಮಾಡಿದರು ಅಂತ ನೋಡಿ. ಹೆಪ್ಪು ಇದೆಯಾ ಅಂತ ಮಾತ್ರ ನೋಡಿದ್ದರೆ ಹೆಪ್ಪಿಲ್ಲ ಅನ್ನುವುದೇ ನಾರ್ಮಲ್. ಕವಾಟ ಪರೀಕ್ಷೆ ಬೇರೆ. ಅದನ್ನು ನಿಲ್ಲಿಸಿ ಮಾಡಬೇಕು. ಮೀನಖಂಡವನ್ನು ಹಿಂಡಿ ಬಿಟ್ಟಾಗ ರಕ್ತ ಎಷ್ಟು ಹೊತ್ತು ಹಿಂದೆ ಹರಿಯಿತು ಅಂತ ಅಳೆಯುತ್ತಾರೆ. ಮೇಲಿನ ನಾಳದಲ್ಲಿ ಅರ್ಧ ಸೆಕೆಂಡಿಗಿಂತ ಜಾಸ್ತಿ ಆದರೆ ಕವಾಟ ಕೆಟ್ಟಿದೆ ಎಂದರ್ಥ. ವರದಿಯಲ್ಲಿ ರಿಫ್ಲಕ್ಸ್ ಎಂಬ ಪದ, ಸೆಕೆಂಡುಗಳು ಇಲ್ಲದಿದ್ದರೆ ಆ ಪರೀಕ್ಷೆ ಆಗಿಲ್ಲದಿರಬಹುದು. ಕೇಳಿ ತಿಳಿದುಕೊಳ್ಳಿ.

ಬಿಗಿ ಸಾಕ್ಸ್ ನಾನೇ ತಂದು ಹಾಕ್ಕೊಳ್ಳಬಹುದಾ?

ಯೌವನದಲ್ಲಿದ್ದು, ಬೇರೆ ಕಾಯಿಲೆ ಇಲ್ಲದೆ, ಕೂತು ಭಾರ ಆಗುವುದಷ್ಟೇ ಆದರೆ ಹಗುರ ಬಿಗಿತದ್ದು ಹಾಕಿ ನೋಡಬಹುದು. ಸಕ್ಕರೆ ಕಾಯಿಲೆ, ಧೂಮಪಾನ, ಪಾದ ತಣ್ಣಗಿರುವುದು, ಜೋಮು, ಹುಣ್ಣು ಇದ್ದರೆ ಮೊದಲು ಧಮನಿ ಪರೀಕ್ಷೆ ಆಗಲೇಬೇಕು. ಹರಡಿನ ರಕ್ತದೊತ್ತಡವನ್ನು ತೋಳಿನದರ ಜೊತೆ ಹೋಲಿಸಿ ನೋಡುತ್ತಾರೆ. ಆ ಭಾಗಲಬ್ಧ 0.8ಕ್ಕಿಂತ ಮೇಲಿದ್ದರೆ ಸಾಮಾನ್ಯವಾಗಿ ಪೂರ್ತಿ ಬಿಗಿತ ಕೊಡಬಹುದು, 0.5ಕ್ಕಿಂತ ಕೆಳಗಿದ್ದರೆ ಕೊಡಬಾರದು. ಕಟ್ಟಿದ ಧಮನಿಯ ಮೇಲೆ ಬಿಗಿಯಾದದ್ದು ಹಾಕಿದರೆ ಪಾದವೇ ಸಾಯಬಹುದು.

ಅಳತೆಯನ್ನು ಬೆಳಿಗ್ಗೆ, ಊತ ಇಲ್ಲದಾಗ ತೆಗೆಯಬೇಕು. ಎದ್ದ ಕೂಡಲೇ ಹಾಕಿ, ಮಲಗುವಾಗ ತೆಗೆಯಿರಿ. ಮೊಣಕಾಲಿನ ಕೆಳಗೆ ಸುರುಳಿಯಾಗಿ ಕೂತರೆ ಅದೇ ಕಟ್ಟಿನಂತೆ ಬಿಗಿಯುತ್ತದೆ. ಆರು ತಿಂಗಳಿಗೆ ಎಳೆತ ಸಡಿಲಾಗುತ್ತದೆ, ಬದಲಿಸಿ. ಇದು ಕವಾಟವನ್ನು ಸರಿಮಾಡುವುದಿಲ್ಲ, ಹಾಕಿದಷ್ಟು ಹೊತ್ತು ಒತ್ತಡ ತಡೆಯುತ್ತದೆ.

ನರ ಸುಟ್ಟು ಮುಚ್ಚಿದ್ರೆ ರಕ್ತ ಎಲ್ಲಿ ಹೋಗುತ್ತೆ? ಕಾಲಿಗೆ ತೊಂದರೆ ಆಗಲ್ವಾ?

ಒಳ್ಳೆಯ ಪ್ರಶ್ನೆ. ಕಾಲಿನ ರಕ್ತದ ಬಹುದೊಡ್ಡ ಪಾಲು ಆಳದ ನಾಳಗಳಲ್ಲೇ ಮೇಲೆ ಹೋಗುತ್ತದೆ. ಮುಚ್ಚುವ ಮೇಲ್ನಾಳ ಈಗಾಗಲೇ ಉಲ್ಟಾ ಕೆಲಸ ಮಾಡುತ್ತಿದೆ, ಮೇಲೆ ಹೋದ ರಕ್ತವನ್ನು ಕೆಳಗೆ ತರುತ್ತಿದೆ. ಅದನ್ನು ಮುಚ್ಚಿದರೆ ಉಳಿದವುಗಳ ಹೊರೆ ಇಳಿಯುತ್ತದೆ. ಹೃದಯದ ಬೈಪಾಸ್ ಶಸ್ತ್ರಚಿಕಿತ್ಸೆಗೆ ಕಾಲಿನಿಂದ ತೆಗೆಯುವುದೂ ಇದೇ ನಾಳವನ್ನೇ. ಆಳದ ನಾಳ ತೆರೆದಿದೆ ಅಂತ ಮೊದಲು ಸ್ಕ್ಯಾನಿನಲ್ಲಿ ಖಚಿತ ಮಾಡಿಕೊಳ್ಳಬೇಕು, ಅಷ್ಟೆ.

ಮೊದಲ ಆಯ್ಕೆ ಲೇಸರ್ ಅಥವಾ ರೇಡಿಯೋ ತರಂಗದ ಶಾಖ. ಸೂಜಿಯಲ್ಲಿ ಮರಗಟ್ಟಿಸಿ, ತೆಳು ನಳಿಗೆ ತೂರಿಸಿ ಒಳಗಿನಿಂದ ಮುಚ್ಚುತ್ತಾರೆ. ಅದೇ ದಿನ ನಡೆದುಕೊಂಡು ಮನೆಗೆ ಹೋಗಬಹುದು. ಅದು ಆಗದಿದ್ದರೆ ನೊರೆಯಂಥ ಔಷಧಿ ಚುಚ್ಚುತ್ತಾರೆ. ಅದೂ ಹೊಂದದಿದ್ದರೆ ಶಸ್ತ್ರಚಿಕಿತ್ಸೆ. ಶಾಖದ ನಂತರ ಕೆಲವು ವಾರ ತೊಡೆಯ ಒಳಬದಿ ಬಿಗಿದಂತೆ ಅನಿಸುತ್ತದೆ. ಚರ್ಮದ ಒಂದು ಪಟ್ಟಿ ಜೋಮು ಹಿಡಿಯಬಹುದು, ಸಾಮಾನ್ಯವಾಗಿ ಹೋಗುತ್ತದೆ. ಹೆಪ್ಪಿನ ಅಪಾಯ ಅಪರೂಪ, ಆದರೆ ಇದೆ. ಹಾಗಾಗಿ ಅಂದೇ ನಡೆಯಲು ಹೇಳುತ್ತೇವೆ.

ಚಿಕಿತ್ಸೆ ಆದ್ಮೇಲೆ ಮತ್ತೆ ಬರುತ್ತಾ? ಕಪ್ಪು ಕಲೆ ಹೋಗುತ್ತಾ?

ಮುಚ್ಚಿದ ನಾಳ ಸಾಮಾನ್ಯವಾಗಿ ಮುಚ್ಚಿಯೇ ಇರುತ್ತದೆ. ಆದರೆ ಮನೆತನದ ಗುಣ ಅಲ್ಲೇ ಇರುತ್ತದಲ್ಲ, ವರ್ಷಗಳ ಮೇಲೆ ಬೇರೆ ನಾಳ ಕೆಡಬಹುದು. ಚರ್ಮ ಬದಲಾಗಿದ್ದವರು, ಹುಣ್ಣು ಆಗಿ ಮಾಯ್ದವರು ಹರಡಿನ ಒಳಬದಿಯನ್ನು ವಾರಕ್ಕೊಮ್ಮೆ ಬೆಳಕಿನಲ್ಲಿ ನೋಡಿಕೊಳ್ಳಿ. ಕಲೆಯ ಅಂಚು ಎಲ್ಲಿಯವರೆಗೆ ಇದೆ ಅಂತ ಫೋಟೋ ತೆಗೆದಿಟ್ಟರೆ ಹೋಲಿಸಲು ಸುಲಭ.

ತುರಿಕೆ, ಹೊಟ್ಟು, ಊತ ವಾರಗಳಲ್ಲಿ ಇಳಿಯುತ್ತವೆ. ಗಟ್ಟಿಯಾದ ಚರ್ಮ ತಿಂಗಳುಗಳಲ್ಲಿ ಸ್ವಲ್ಪ ಮೆದುವಾಗುತ್ತದೆ. ಕಂದು ಬಣ್ಣ ಎಲ್ಲಕ್ಕಿಂತ ನಿಧಾನ, ಕೆಲವರಿಗೆ ಕೊನೆಯವರೆಗೂ ಉಳಿಯುತ್ತದೆ. ಅದನ್ನು ಬಿಳಿ ಮಾಡಲು ಬ್ಲೀಚಿಂಗ್ ಕ್ರೀಮು ಹಚ್ಚಬೇಡಿ. ಅಲ್ಲಿ ಇರುವುದು ಕಬ್ಬಿಣದ ಬಣ್ಣ, ಆ ಕ್ರೀಮು ಅದನ್ನು ಮುಟ್ಟುವುದಿಲ್ಲ, ಮೊದಲೇ ತೆಳುವಾದ ಚರ್ಮವನ್ನು ಸುಡುತ್ತದೆ.